ನಾಯಿಯ ಇಸಿಜಿ ಪಟ್ಟಿಯಲ್ಲಿ ಎಎಫ್ ಮತ್ತು ವಿಪಿಸಿ ಒಟ್ಟಿಗೆ ಕಂಡರೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ನಮ್ಮ ಕ್ಲಿನಿಕ್‌ಗೆ ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳಿವು. ಕೆಲವನ್ನು ನಾಯಿ ಸಾಕಿದವರು ಕೇಳಿದ್ದಾರೆ. ಎಎಫ್ ಅಂದರೆ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಒಟ್ಟಾಗಿ ಬಡಿಯುವುದನ್ನು ಬಿಟ್ಟು ಸುಮ್ನೆ ಅದುರುತ್ತಾ ಇರುವ ಸ್ಥಿತಿ ಅದು. ವಿಪಿಸಿ ಅಂದರೆ ವೆಂಟ್ರಿಕ್ಯುಲರ್ ಪ್ರಿಮೆಚ್ಯೂರ್ ಕಾಂಪ್ಲೆಕ್ಸ್. ಮೇಲಿನಿಂದ ಆದೇಶ ಬರುವ ಮೊದಲೇ ಕೆಳಗಿನ ಕೋಣೆಯ ಯಾವುದೋ ಮೂಲೆಯಿಂದ ಹೊರಡುವ ಬಡಿತ. ಒಂದೊಂದಾಗಿ ಬಂದರೆ ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಜೊತೆಯಾಗಿ ಬಂದಾಗಲೇ ತಪ್ಪುವುದು. ಅದಕ್ಕೇ ಇಲ್ಲಿ ಜಾಸ್ತಿ ಮಾತು ಆ ಜೋಡಿಯ ಬಗ್ಗೆಯೇ ಇದೆ.

ಪಟ್ಟಿ ಕೈಗೆ ಬಂದ ತಕ್ಷಣ ಮೊದಲು ಏನು ನೋಡಬೇಕು?

ಕಾಗದ ಓಡಿದ ವೇಗ. ಅಂಚಿನಲ್ಲಿ `25 mm/s` ಅಥವಾ `50 mm/s` ಅಂತ ಇರುತ್ತದೆ. ಇದನ್ನು ನೋಡದೆ ಓದಲು ಕೂತರೆ ಬಡಿತದ ಲೆಕ್ಕ ಸರಿಯಾಗಿ ಎರಡು ಪಟ್ಟು ತಪ್ಪುತ್ತದೆ. 25ರಲ್ಲಿ ಒಂದು ಸಣ್ಣ ಚೌಕ 0.04 ಸೆಕೆಂಡು, 50ರಲ್ಲಿ 0.02 ಸೆಕೆಂಡು. ನಾಯಿಯ ಹೃದಯ ಜೋರಾಗಿ ಓಡುವುದರಿಂದ ನಾನು 50ರಲ್ಲೇ ತೆಗೆಯುತ್ತೇನೆ. ಬಡಿತಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಕಾಣುತ್ತವೆ.

ಆಮೇಲೆ ಎತ್ತರದ ಅಳತೆ. ಮಾಮೂಲಿಗೆ 10 ಮಿ.ಮೀ. ಅಂದರೆ 1 ಮಿಲಿವೋಲ್ಟ್. ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಯ ಬಡಿತ ಕಾಗದದ ಆಚೆ ಹೋಗುತ್ತಿದೆ ಅಂತ ಯಾರೋ ಅರ್ಧಕ್ಕೆ ಇಳಿಸಿರುತ್ತಾರೆ. ಅದನ್ನೂ ನೋಡಿಕೊಳ್ಳಿ.

ನಾಯಿಯನ್ನು ಬಲ ಮಗ್ಗುಲಿಗೆ ಮಲಗಿಸಿದ್ದರಾ, ಕ್ಲಿಪ್ಪುಗಳು ಸರಿಯಾದ ಕಾಲಿನಲ್ಲಿದ್ದವಾ ಅಂತಲೂ ಕೇಳಿ. ನಮ್ಮ ಮೆಷಿನ್‌ನಲ್ಲಿ ಬಲ ಮುಂಗಾಲಿಗೆ ಕೆಂಪು, ಎಡ ಮುಂಗಾಲಿಗೆ ಹಳದಿ, ಎಡ ಹಿಂಗಾಲಿಗೆ ಹಸಿರು, ಬಲ ಹಿಂಗಾಲಿಗೆ ಕಪ್ಪು. ಬೇರೆ ಬಣ್ಣದ ವೈರುಗಳೂ ಇವೆ. ಹಾಗಾಗಿ ಬಣ್ಣ ನಂಬುವ ಬದಲು ಮೇಲಿನ ಅಕ್ಷರ ಓದಿ: `RA`, `LA`, `LL`, `RL`. ಮುಂಗಾಲಿನ ಎರಡು ಅದಲುಬದಲಾದರೆ ನೆಟ್ಟಗಿರುವ ಬಡಿತವೂ ಬೇರೆ ಆಕಾರದಲ್ಲಿ ಬಂದು ದಾರಿ ತಪ್ಪಿಸುತ್ತದೆ.

ಬಡಿತದ ಲೆಕ್ಕವನ್ನು ಮೆಷಿನ್ನೇ ಪ್ರಿಂಟ್ ಮಾಡುತ್ತಲ್ಲ, ಅದು ಸಾಲದಾ?

ಸಾಲದು. ನಮ್ಮೂರಿನ ಕ್ಲಿನಿಕ್‌ಗಳಲ್ಲಿರುವ ಮೆಷಿನ್‌ಗಳು ಹೆಚ್ಚಿನವು ಮನುಷ್ಯರಿಗೆ ಮಾಡಿದವು. ಬಡಿತದ ಬೆನ್ನಿಗೆ ಬರುವ ಟಿ ಅಲೆ ನಾಯಿಯಲ್ಲಿ ದೊಡ್ಡದಿದ್ದರೆ ಅದನ್ನೂ ಒಂದು ಬಡಿತ ಅಂತ ಎಣಿಸಿಬಿಡುತ್ತವೆ. ಕೆಳಗೆ ಬರೆದಿರುವ ರೋಗದ ಹೆಸರನ್ನಂತೂ ಓದಲೇಬೇಡಿ.

ಪೆನ್ನು ಇಟ್ಟು ಎಣಿಸಿ. ಕ್ಯಾಪ್ ಹಾಕಿದ ಸಾಧಾರಣ ಬಾಲ್‌ಪೆನ್ನು ಹತ್ತಿರ ಹತ್ತಿರ 15 ಸೆಂ.ಮೀ. ಇರುತ್ತದೆ. 50ರ ವೇಗದಲ್ಲಿ ಅಷ್ಟು ಕಾಗದ ಓಡಲು 3 ಸೆಕೆಂಡು ಬೇಕು. ಹಾಗಾಗಿ ಎಣಿಸಿದ್ದನ್ನು 20ರಿಂದ ಗುಣಿಸಿ. 25ರ ವೇಗದಲ್ಲಾದರೆ 10ರಿಂದ. ಎಎಫ್ ಇದ್ದರೆ ಒಂದು ಪೆನ್ನಿನಷ್ಟು ಎಣಿಸಿ ಸುಮ್ಮನಾಗಬೇಡಿ, ಅಕ್ಕಪಕ್ಕದ ತುಂಡುಗಳಲ್ಲೇ ಲೆಕ್ಕ ಬೇರೆ ಬೇರೆ ಬರುತ್ತದೆ. ನಾನು ಎರಡು ಪೆನ್ನಿನ ಉದ್ದ ಎಣಿಸಿ 10ರಿಂದ ಗುಣಿಸುತ್ತೇನೆ.

ನಾಯಿಯ ಹೃದಯ ಮಾಮೂಲಿಯಾಗಿಯೇ ಏರುಪೇರು ಬಡಿಯುತ್ತೆ ಅಲ್ವಾ? ಅದನ್ನು ಎಎಫ್‌ನಿಂದ ಹೇಗೆ ಬೇರೆ ಮಾಡೋದು?

ಹೌದು, ಆರೋಗ್ಯವಾದ ನಾಯಿಯ ಬಡಿತ ಉಸಿರಿನ ಜೊತೆ ಏರುತ್ತದೆ, ಇಳಿಯುತ್ತದೆ. ಆದರೆ ಆ ಏರಿಳಿತಕ್ಕೆ ಒಂದು ತಾಳವಿದೆ. ಉಸಿರು ಎಳೆದಾಗ ಮೂರ್ನಾಲ್ಕು ಬಡಿತ ಹತ್ತಿರ ಬರುತ್ತವೆ, ಬಿಟ್ಟಾಗ ಮೂರ್ನಾಲ್ಕು ದೂರ ಸರಿಯುತ್ತವೆ, ಮತ್ತೆ ಅದೇ. ಪ್ರತಿ ಬಡಿತದ ಮುಂದೆಯೂ ಪಿ ಅಲೆ, ಅಂದರೆ ಮೇಲಿನ ಕೋಣೆಗಳು ಬಡಿದ ಗುರುತು, ಇರುತ್ತದೆ. ಆ ಪಿ ಅಲೆಯ ಎತ್ತರ ಸ್ವಲ್ಪ ಹೆಚ್ಚುಕಮ್ಮಿ ಆದರೂ ಗಾಬರಿ ಬೇಡ, ನಾಯಿಗಳಲ್ಲಿ ಅದು ಮಾಮೂಲು.

ಎಎಫ್‌ನಲ್ಲಿ ತಾಳವೇ ಇಲ್ಲ. ಇದನ್ನು ಕಣ್ಣಳತೆಗೆ ಬಿಡಬೇಡಿ. ಒಂದು ಬಿಳಿ ಕಾಗದದ ಅಂಚನ್ನು ಪಟ್ಟಿಯ ಮೇಲಿಟ್ಟು ನಾಲ್ಕು ಬಡಿತಗಳ ತುದಿಗೆ ಪೆನ್ಸಿಲ್ ಗೀಟು ಹಾಕಿ. ಕಾಗದವನ್ನು ಪಕ್ಕಕ್ಕೆ ಸರಿಸಿ ಎಲ್ಲಾದರೂ ಹೊಂದುತ್ತಾ ನೋಡಿ. ಉಸಿರಿನ ಏರುಪೇರಾದರೆ ಒಂದಲ್ಲ ಒಂದು ಕಡೆ ಹೊಂದುತ್ತದೆ. ಎಎಫ್ ಆದರೆ ಎಲ್ಲೂ ಹೊಂದುವುದಿಲ್ಲ. ಪಿ ಅಲೆ ಎಲ್ಲೂ ಇರುವುದಿಲ್ಲ, ಅದರ ಜಾಗದಲ್ಲಿ ಅಡಿಗೆರೆ ಒಂದೇ ಸಮನಿಲ್ಲದೆ ಸಣ್ಣಗೆ ಅಲೆಯುತ್ತಿರುತ್ತದೆ. ಬಡಿತ ಮಾತ್ರ ಕಡ್ಡಿಯಂತೆ ತೆಳ್ಳಗೆ, ಮಾಮೂಲಿ ಆಕಾರದಲ್ಲೇ ಇರುತ್ತದೆ. ಯಾಕೆಂದರೆ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಬಾಗಿಲಾದ ಎವಿ ನೋಡ್ ದಾಟಿದ ಮೇಲೆ ಕರೆಂಟು ಹರಿಯುವುದು ಅದೇ ಹಳೇ ದಾರಿಯಲ್ಲಿ. ಎತ್ತರ ಬಡಿತದಿಂದ ಬಡಿತಕ್ಕೆ ಸ್ವಲ್ಪ ಬದಲಾಗಬಹುದು.

ಇನ್ನೊಂದು ಸುಳಿವು ವೇಗ. ಉಸಿರಿನ ಏರುಪೇರು ಕಾಣುವುದು ನಾಯಿ ಆರಾಮಾಗಿದ್ದು ಬಡಿತ ನಿಧಾನವಿದ್ದಾಗ. ನಿಮಿಷಕ್ಕೆ 200ರ ಹತ್ತಿರ ಓಡುತ್ತಾ ತಾಳ ತಪ್ಪಿದ್ದರೆ ಅದು ಉಸಿರಿನ ಏರುಪೇರಲ್ಲ.

ಅಡಿಗೆರೆ ನಡುಗುತ್ತಿದ್ದರೆ ಎಎಫ್ ಅಂತಲೇ ಅರ್ಥವಾ?

ಅಲ್ಲ. ನಾನು ಇದರಲ್ಲಿ ಬಿದ್ದು ಪೆಟ್ಟು ತಿಂದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪಮೇರಿಯನ್‌ಗೆ ಎಎಫ್ ಅಂತ ಬರೆದುಕೊಟ್ಟೆ. ಅದು ತಣ್ಣಗಿನ ಸ್ಟೀಲ್ ಟೇಬಲ್ ಮೇಲೆ ಹೆದರಿ ನಡುಗುತ್ತಿತ್ತು, ಅಷ್ಟೇ. ಬಡಿತಗಳ ನಡುವಿನ ಅಂತರ ಅಳೆದಿದ್ದರೆ ಎಲ್ಲ ಒಂದೇ ಸಮ ಇದ್ದದ್ದು ಅಲ್ಲೇ ಗೊತ್ತಾಗುತ್ತಿತ್ತು. ಈಗ ಟೇಬಲ್ ಮೇಲೆ ದಪ್ಪ ಕಂಬಳಿ ಹಾಸಿಯೇ ನಾಯಿ ಮಲಗಿಸುವುದು.

ಕರೆಂಟಿನ ಗುಂಯ್‌ಗುಡುವಿಕೆಯೂ ಹೀಗೇ ಮೋಸ ಮಾಡುತ್ತದೆ. ನಮ್ಮ ಮನೆಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಕಾಗದ ಸೆಕೆಂಡಿಗೆ 50 ಮಿ.ಮೀ. ಓಡಿದರೆ ಪ್ರತಿ ಮಿಲಿಮೀಟರಿಗೆ ಸರಿಯಾಗಿ ಒಂದು ಹಲ್ಲು, ಬಾಚಣಿಗೆ ಹಾಗೆ. ಎಎಫ್‌ನ ಅಲೆ ಇಷ್ಟು ನೀಟಾಗಿ ಇರುವುದೇ ಇಲ್ಲ. ಹಲ್ಲು ಎಣಿಸಿ, ಸಾಲು ಸರಿಯಾಗಿ ಬಂದರೆ ಪ್ಲಗ್ ಕಿತ್ತು ಬ್ಯಾಟರಿ ಮೇಲೆ ಮತ್ತೊಮ್ಮೆ ತೆಗೆಯಿರಿ. ಕ್ಲಿಪ್ಪಿನ ಕೆಳಗೆ ಸ್ಪಿರಿಟ್ ಒಣಗಿದ್ದರೆ ಇನ್ನೊಂದಿಷ್ಟು ಹಾಕಿ. ಫಿಲ್ಟರ್ ಆನ್ ಮಾಡಿದರೆ ಗೆರೆ ನುಣುಪಾಗುತ್ತದೆ, ನಿಜ. ಆದರೆ ಬಡಿತದ ಎತ್ತರವನ್ನೂ ಅದು ತಿಂದುಹಾಕುತ್ತದೆ, ಸಣ್ಣ ಏರಿಳಿತಗಳೂ ಮಾಯವಾಗುತ್ತವೆ. ಅದು ಕೊನೆಯ ಉಪಾಯ.

ಎಎಫ್ ಇಲ್ಲದ ನಾಯಿಯಲ್ಲಿ ವಿಪಿಸಿ ಹೇಗೆ ಕಾಣುತ್ತದೆ?

ಮೂರು ಗುರುತು ಹೇಳಿಕೊಟ್ಟಿರುತ್ತಾರೆ. ಬರಬೇಕಾದ ಸಮಯಕ್ಕಿಂತ ಮೊದಲೇ ಬರುತ್ತದೆ. ಅದರ ಮುಂದೆ ಅದಕ್ಕೆ ಸೇರಿದ ಪಿ ಅಲೆ ಇರುವುದಿಲ್ಲ. ಅಗಲವಾಗಿ, ವಿಕಾರವಾಗಿ ಇರುತ್ತದೆ, ಹಿಂದೆಯೇ ದೊಡ್ಡ ಟಿ ಅಲೆ ಎದುರು ದಿಕ್ಕಿಗೆ ತಿರುಗಿರುತ್ತದೆ. ಅಗಲ ಯಾಕೆಂದರೆ ಅದು ಹೈವೇ ಬಿಟ್ಟು ಸ್ನಾಯುವಿನಿಂದ ಸ್ನಾಯುವಿಗೆ ಹೊಲದ ದಾರಿಯಲ್ಲಿ ನಡೆದು ಬರುತ್ತದೆ, ಹೊತ್ತು ಜಾಸ್ತಿ ಹಿಡಿಯುತ್ತದೆ. ದೊಡ್ಡ ನಾಯಿಯಲ್ಲಿ ಮಾಮೂಲಿ ಬಡಿತ 0.06 ಸೆಕೆಂಡಿನ ಒಳಗೆ, ಸಣ್ಣ ನಾಯಿಯಲ್ಲಿ 0.05ರ ಒಳಗೆ ಮುಗಿಯುತ್ತದೆ.

ವಿಪಿಸಿ ಆದಮೇಲೆ ಒಂದು ವಿರಾಮ ಬರುತ್ತದೆ. ಹಿಂದಿನ ಬಡಿತದಿಂದ ಮುಂದಿನ ಬಡಿತದವರೆಗೆ ಅಳೆದರೆ ಸರಿಯಾಗಿ ಎರಡು ಮಾಮೂಲಿ ಅಂತರದಷ್ಟು ಇರುತ್ತದೆ. ಮೇಲಿರುವ ಗಡಿಯಾರ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ, ನಡುವೆ ಒಂದು ಬಡಿತ ಕೆಳಗಿಳಿಯಲಾಗದೆ ತಪ್ಪಿಹೋಗುತ್ತದೆ, ಮುಂದಿನದು ತನ್ನ ಹೊತ್ತಿಗೇ ಬರುತ್ತದೆ.

ಎಎಫ್ ಇದ್ದಾಗ ಈ ಗುರುತುಗಳು ಯಾಕೆ ಕೈಕೊಡುತ್ತವೆ?

ಒಂದೊಂದಾಗಿ ನೋಡಿ. "ಪಿ ಅಲೆ ಇಲ್ಲ" ಅನ್ನುವುದು ಈಗ ಗುರುತೇ ಅಲ್ಲ, ಇಡೀ ಪಟ್ಟಿಯಲ್ಲಿ ಯಾವ ಬಡಿತಕ್ಕೂ ಪಿ ಇಲ್ಲ. "ಮೊದಲೇ ಬಂತು" ಅನ್ನುವುದಕ್ಕೂ ಅರ್ಥವಿಲ್ಲ. ಬರಬೇಕಾದ ಹೊತ್ತು ಯಾವುದು ಅಂತಲೇ ಗೊತ್ತಿಲ್ಲದಿದ್ದಾಗ ಮೊದಲು ಬಂತು ಅನ್ನುವುದು ಹೇಗೆ? ತೆಳ್ಳಗಿನ ಬಡಿತಗಳೂ ಅಷ್ಟೇ ಬೇಗ ಬಂದಿರುತ್ತವೆ. ಸರಿಯಾಗಿ ಎರಡು ಅಂತರದ ವಿರಾಮವನ್ನೂ ಹುಡುಕಬೇಡಿ. ಆ ಲೆಕ್ಕಕ್ಕೆ ಮೇಲೊಂದು ಗಡಿಯಾರ ಬೇಕು, ಎಎಫ್‌ನಲ್ಲಿ ಅದೇ ಕೆಟ್ಟಿದೆ.

ಉಳಿಯುವುದು ಅಗಲ ಒಂದೇ. ಅಲ್ಲೂ ಒಂದು ಕಳ್ಳ ಕೂತಿದ್ದಾನೆ. ಮೇಲಿನಿಂದಲೇ ನೆಟ್ಟಗೆ ಇಳಿದ ಬಡಿತವೂ ಕೆಲವೊಮ್ಮೆ ಅಗಲವಾಗಿ ಬರುತ್ತದೆ. ಇದಕ್ಕೆ ಅಬೆರಂಟ್ ಬಡಿತ ಅನ್ನುತ್ತೇವೆ. ಕೆಳಕೋಣೆಗಳಿಗೆ ಕರೆಂಟು ಒಯ್ಯಲು ಎಡಕ್ಕೊಂದು ಬಲಕ್ಕೊಂದು ಕವಲುಗಳಿವೆ. ಪ್ರತಿ ಬಡಿತದ ನಂತರ ಕವಲು ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಬೇಕು. ಎಷ್ಟು ಹೊತ್ತು ಅನ್ನುವುದು ಅದಕ್ಕೂ ಹಿಂದಿನ ಅಂತರದ ಮೇಲೆ ನಿಂತಿದೆ. ಹಿಂದಿನ ಅಂತರ ಉದ್ದವಿದ್ದರೆ ಸುಧಾರಿಸಿಕೊಳ್ಳಲೂ ಉದ್ದ ಹೊತ್ತು ಬೇಕು. ಉದ್ದ ಅಂತರದ ಬೆನ್ನಿಗೇ ಗಿಡ್ಡ ಅಂತರದಲ್ಲಿ ಒಂದು ಬಡಿತ ಬಂತು ಅನ್ನಿ. ಬಲಗವಲು ಇನ್ನೂ ಎದ್ದಿರುವುದಿಲ್ಲ, ಅದೇ ಸಾಮಾನ್ಯವಾಗಿ ನಿಧಾನ ಏಳುವುದು. ಎಡಗವಲಲ್ಲಿ ಮಾತ್ರ ಕರೆಂಟು ಹೋಗಿ, ಬಲಕ್ಕೆ ಸುತ್ತಿ ಬಳಸಿ ತಲುಪುತ್ತದೆ. ಬಡಿತ ಅಗಲವಾಗುತ್ತದೆ. ಮನುಷ್ಯರ ಇಸಿಜಿಯಲ್ಲಿ ಇದನ್ನು 1947ರಲ್ಲಿ ವಿವರಿಸಿದವರಲ್ಲಿ ಆಶ್‌ಮನ್ ಒಬ್ಬರು, ಅವರ ಹೆಸರೇ ಉಳಿದುಕೊಂಡಿದೆ. ಎಎಫ್‌ನಲ್ಲಿ ಉದ್ದ ಅಂತರ, ಗಿಡ್ಡ ಅಂತರ ಅಕ್ಕಪಕ್ಕ ಬರುವುದು ದಿನನಿತ್ಯದ ಮಾತು, ಹಾಗಾಗಿ ಈ ಕಳ್ಳನೂ ಆಗಾಗ ಸಿಗುತ್ತಾನೆ.

ಹಾಗಾದರೆ ವಿಪಿಸಿ ಅಂತ ಹೇಳೋದು ಯಾವುದರ ಮೇಲೆ?

ನಾನು ನಾಲ್ಕು ಕಡೆ ಕಣ್ಣಾಡಿಸುತ್ತೇನೆ. ಮೊದಲನೆಯದು ಬಡಿತದ ಆರಂಭ. ಅಬೆರಂಟ್ ಬಡಿತ ಶುರುವಾಗುವುದು ಮಾಮೂಲಿ ಬಡಿತದ ದಿಕ್ಕಿನಲ್ಲೇ. ಬಲ ಮುಂಗಾಲಿನಿಂದ ಎಡ ಹಿಂಗಾಲಿನ ಕಡೆಗೆ ನೋಡುವ ಲೀಡ್ 2ರಲ್ಲಿ ಮೊದಲು ಚೂಪಾಗಿ ಮೇಲೇರಿ, ಆಮೇಲೆ ಅಗಲವಾದ ಗುಂಡಿಯ ಹಾಗೆ ಕೆಳಗಿಳಿಯುತ್ತದೆ. ವಿಪಿಸಿ ಹೆಚ್ಚಾಗಿ ಮೊದಲ ಮಿಲಿಮೀಟರಿನಿಂದಲೇ ಬೇರೆ ದಿಕ್ಕು ಹಿಡಿದಿರುತ್ತದೆ, ಇಲ್ಲವೇ ಮೇಲಕ್ಕೇ ಹೋದರೂ ಸೋಮಾರಿಯಾಗಿ, ಓರೆಯಾಗಿ ಏರುತ್ತದೆ.

ಎರಡನೆಯದು ಹಿಂದಿನ ಅಂತರ. ಅಗಲ ಬಡಿತದ ಹಿಂದೆ ಉದ್ದ, ಆಮೇಲೆ ಗಿಡ್ಡ ಅನ್ನುವ ಜೋಡಿ ಇದೆಯಾ? ಇದ್ದರೆ ಅಬೆರಂಟ್ ಅನ್ನುವ ಅನುಮಾನ ಏಳುತ್ತದೆ. ಆದರೆ ಇದನ್ನೇ ನೆಚ್ಚಿಕೊಳ್ಳಬೇಡಿ, ಉದ್ದ ಅಂತರದ ನಂತರ ವಿಪಿಸಿಯೂ ಬರಬಹುದು.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಜೋಡಿ ಅಂತರ. ಹಿಂದಿನ ತೆಳು ಬಡಿತದಿಂದ ಅಗಲ ಬಡಿತದವರೆಗೆ ಎಷ್ಟು ಮಿಲಿಮೀಟರ್ ಅಂತ ಪ್ರತಿಯೊಂದಕ್ಕೂ ಅಳೆಯಿರಿ. ಉಳಿದೆಲ್ಲ ಅಂತರಗಳು ಬಾಯಿಗೆ ಬಂದ ಹಾಗೆ ಬದಲಾಗುತ್ತಿರುವಾಗ ಇದೊಂದು ಮಾತ್ರ ಅಷ್ಟೇ ಅಷ್ಟೇ ಬರುತ್ತಿದ್ದರೆ, ಅದು ಮೇಲಿನಿಂದ ಬಂದದ್ದಲ್ಲ. ತಾಳ ತಪ್ಪಿದ ಮನೆಯಲ್ಲಿ ತಾಳ ಹಿಡಿದವನು ಹೊರಗಿನವನು.

ನಾಲ್ಕನೆಯದು ಆಮೇಲಿನ ವಿರಾಮ. ಸರಿಯಾದ ಎರಡು ಪಟ್ಟು ಸಿಗುವುದಿಲ್ಲ ಅಂದೆನಲ್ಲ, ಆದರೂ ವಿಪಿಸಿ ಆದಮೇಲೆ ಸರಾಸರಿಗಿಂತ ಉದ್ದವಾದ ಬಿಡುವು ಹೆಚ್ಚಾಗಿ ಸಿಗುತ್ತದೆ. ವಿಪಿಸಿಯ ಕರೆಂಟು ಹಿಂದಕ್ಕೆ ಹತ್ತಿ ಎವಿ ನೋಡ್‌ಗೆ ಸುಸ್ತು ಮಾಡಿರುತ್ತದೆ, ಹಾಗಾಗಿ ಮೇಲಿನಿಂದ ಬರುವ ಮುಂದಿನ ಕೆಲವು ಅದುರು ಅಲ್ಲೇ ನಿಂತುಬಿಡುತ್ತವೆ.

ಒಂದು ಪಟ್ಟಿಯನ್ನು ಪೂರ್ತಿ ಓದಿ ತೋರಿಸುತ್ತೀರಾ?

ಭೀಮನ ಪಟ್ಟಿ ತೆಗೆದುಕೊಳ್ಳೋಣ. ಗುಬ್ಬಿ ಕಡೆಯ ತೆಂಗಿನ ತೋಟದ ಗ್ರೇಟ್ ಡೇನ್, ಗಂಡು, ಆರು ವರ್ಷ, 51 ಕೆ.ಜಿ. "ಸಾರ್, ರಾತ್ರಿ ಮಲಗೋದೇ ಇಲ್ಲ, ಕೂತ್ಕೊಂಡೇ ಇರ್ತಾನೆ. ಹೊಟ್ಟೆ ಬೇರೆ ಊದಿದೆ, ಬೆನ್ನು ಮಾತ್ರ ಬತ್ತಿ ಹೋಗಿದೆ" ಅಂದರು ಯಜಮಾನರು. ಎದೆಗೆ ಸ್ಟೆತ್ ಇಟ್ಟು ಎಣಿಸಿದರೆ 210. ಅದೇ ಹೊತ್ತಿಗೆ ತೊಡೆಯ ಒಳಗಡೆ ನಾಡಿ ಹಿಡಿದರೆ 130. ಅಂದರೆ ನಿಮಿಷಕ್ಕೆ 80 ಬಡಿತ ರಕ್ತವನ್ನು ತೊಡೆಯವರೆಗೆ ತಳ್ಳುತ್ತಲೇ ಇಲ್ಲ. ಕೋಣೆ ತುಂಬುವ ಮೊದಲೇ ಬಡಿದರೆ ಏನು ತಾನೇ ಹೊರಗೆ ಹೋದೀತು?

ಪಟ್ಟಿ ತೆಗೆದದ್ದು 50ರ ವೇಗದಲ್ಲಿ. ಎರಡು ಪೆನ್ನಿನ ಉದ್ದದಲ್ಲಿ, ಅಂದರೆ 6 ಸೆಕೆಂಡಿನಲ್ಲಿ, 21 ಬಡಿತ. ನಿಮಿಷಕ್ಕೆ 210, ಸ್ಟೆತ್ ಲೆಕ್ಕಕ್ಕೆ ಹೊಂದಿತು. ಸಾಲಾಗಿ ಬಂದ ತೆಳು ಬಡಿತಗಳ ನಡುವಿನ ಅಂತರ ಮಿಲಿಮೀಟರಿನಲ್ಲಿ ಹೀಗಿತ್ತು: 13, 17, 12, 15, 11, 19, 14. ಸರಾಸರಿ 14ರ ಸುಮಾರು. ಯಾವ ಮೂರನ್ನು ತೆಗೆದುಕೊಂಡರೂ ತಾಳ ಸಿಗಲಿಲ್ಲ. ಪಿ ಅಲೆ ಇಲ್ಲ. ಬಡಿತದ ಅಗಲ 3 ಮಿ.ಮೀ., ಅಂದರೆ 0.06 ಸೆಕೆಂಡು. ದೊಡ್ಡ ನಾಯಿಗೆ ಅದು ಮೇಲಿನ ಮಿತಿ, ಆದರೂ ಒಳಗೇ ಇದೆ. ಇಲ್ಲಿಯವರೆಗೆ ಉತ್ತರ ಎಎಫ್.

ಪಟ್ಟಿಯನ್ನು ಇನ್ನೂ ಉದ್ದ ಓಡಿಸಿದಾಗ ನಾಲ್ಕು ಅಗಲ ಬಡಿತ ಸಿಕ್ಕವು. ಮೊದಲ ಮೂರು ಒಂದೇ ಅಚ್ಚಿನವು: ಅಗಲ 5 ಮಿ.ಮೀ., ಅಂದರೆ 0.10 ಸೆಕೆಂಡು. ಲೀಡ್ 2ರಲ್ಲಿ ಮೊದಲಿನಿಂದಲೇ ಕೆಳಮುಖ, ಟಿ ಅಲೆ ದೊಡ್ಡದಾಗಿ ಮೇಲ್ಮುಖ. ಮೂರರ ಜೋಡಿ ಅಂತರವೂ 11 ಮಿ.ಮೀ. ಆ 11ಕ್ಕೂ ಹಿಂದಿನ ಅಂತರ 12, 15, 13. ಯಾವುದೂ ವಿಶೇಷ ಉದ್ದವಲ್ಲ. ಆಮೇಲಿನ ಬಿಡುವು 21, 20, 22, ಸರಾಸರಿಗಿಂತ ಎಷ್ಟೋ ಜಾಸ್ತಿ. ಇನ್ನೇನು ಬೇಕು? ಮೂರೂ ವಿಪಿಸಿ. ಲೀಡ್ 2ರಲ್ಲಿ ಕೆಳಮುಖವಾಗಿರುವುದರಿಂದ ಹೊರಟ ಜಾಗ ಎಡ ಕೆಳಕೋಣೆ ಇರಬೇಕು. ಬಲದಿಂದ ಹೊರಟದ್ದು ಸಾಮಾನ್ಯವಾಗಿ ಮೇಲ್ಮುಖ ಬರುತ್ತದೆ.

ಒಂದು ಗಮನಿಸಿ. ತೆಳು ಬಡಿತಗಳ ಸಾಲಿನಲ್ಲೂ ಒಂದು ಅಂತರ 11 ಇತ್ತು. "ಬೇಗ ಬಂದದ್ದು ವಿಪಿಸಿ" ಅನ್ನುವ ನಿಯಮ ಇಟ್ಟುಕೊಂಡಿದ್ದರೆ ಇಲ್ಲೇ ಎಡವುತ್ತಿದ್ದೆವು.

ನಾಲ್ಕನೆಯ ಅಗಲ ಬಡಿತವನ್ನು ನಮ್ಮ ಇಂಟರ್ನ್ ಹುಡುಗಿಯೂ ವಿಪಿಸಿ ಅಂತಲೇ ಗುರುತು ಹಾಕಿದ್ದಳು. ನೋಡಲು ಹಾಗೇ ಇತ್ತು, ಅದೂ ಕೆಳಗಿಳಿದಿತ್ತು. ಆದರೆ ಇಳಿಯುವ ಮೊದಲು ಒಂದು ಚೂಪು ಏರಿಕೆ ಇತ್ತು, ಪಕ್ಕದ ತೆಳು ಬಡಿತದ ಏರಿಕೆಯ ಮೇಲಿಟ್ಟರೆ ಕೂಡಿಕೊಳ್ಳುವ ಹಾಗೆ. ಹಿಂದಿನ ಅಂತರ 24, ಆಮೇಲೆ 12. ಉದ್ದ, ಗಿಡ್ಡ. ನಂತರದ ಅಂತರ 13, ಬಿಡುವೇ ಇಲ್ಲ. "ಇದು ವಿಪಿಸಿ ಅಲ್ಲಮ್ಮ, ಬಲಗವಲು ನಿದ್ದೆ ಹೋಗಿದೆ" ಅಂದೆ. ಅವಳು ಸ್ಕೇಲು ತಂದು ಮತ್ತೊಮ್ಮೆ ಅಳೆದು, ಹಾಕಿದ ಗುರುತನ್ನು ಅಳಿಸಿದಳು. ಹಾಗೆ ಅಳೆಯದೆ ಒಪ್ಪಿಕೊಂಡಿದ್ದರೆ ನನಗೆ ಬೇಜಾರಾಗುತ್ತಿತ್ತು.

ಸಾಲಾಗಿ ಹತ್ತು ಅಗಲ ಬಡಿತ ಬಂದರೆ?

ಆಗ ಆ ಸಾಲಿನ ಒಳಗಿನ ಅಂತರ ಅಳೆಯಿರಿ. ಕೆಳಕೋಣೆಯಿಂದ ಹೊರಟ ಓಟ, ಅಂದರೆ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಹೆಚ್ಚುಕಡಿಮೆ ಒಂದೇ ಸಮ ಓಡುತ್ತದೆ. ಎಎಫ್ ಜೊತೆ ಒಂದು ಕವಲು ಕೆಟ್ಟಿದ್ದರೆ ಬಡಿತಗಳು ಅಗಲವಾಗಿದ್ದೂ ತಾಳ ತಪ್ಪಿಯೇ ಇರುತ್ತವೆ. ಅನುಮಾನ ಉಳಿದರೆ ವೆಂಟ್ರಿಕ್ಯುಲರ್ ಅಂತಲೇ ತಿಳಿದು ನಡೆಯಿರಿ. ಆ ಕಡೆ ತಪ್ಪಿದರೆ ನಷ್ಟ ಕಮ್ಮಿ.

ವಿಪಿಸಿ ಕಂಡ ತಕ್ಷಣ ಲಿಡೋಕೇನ್ ಕೊಡಬೇಕಾ?

ಲಿಡೋಕೇನ್ ಕೆಳಕೋಣೆಯ ಓಟ ತಡೆಯುವ ಔಷಧಿ. ಬಿಡಿಬಿಡಿಯಾಗಿ ಬಂದ ಮೂರಕ್ಕೆ ಬೇಡ. ಭೀಮನಿಗೆ ಕೊಡಲಿಲ್ಲ. ನಿಮಿಷಕ್ಕೆ 180-200 ದಾಟುವ ಓಟ, ಬೇರೆ ಬೇರೆ ಆಕಾರದವು ಬೆರೆತ ಓಟ, ಹಿಂದಿನ ಟಿ ಅಲೆಯ ಮೇಲೆಯೇ ಬಂದು ಕೂರುವ ವಿಪಿಸಿ, ನಾಯಿ ತಲೆಸುತ್ತಿ ಬೀಳುವುದು, ಇವಕ್ಕೆ ಕೈ ಓಡಬೇಕು. ಭೀಮನ ಟಿ ಅಲೆ 9 ಮಿ.ಮೀ. ಹೊತ್ತಿಗೆ ಮುಗಿಯುತ್ತಿತ್ತು, ವಿಪಿಸಿ ಬರುತ್ತಿದ್ದದ್ದು 11ಕ್ಕೆ. ಹತ್ತಿರವೇ, ಆದರೆ ಮೇಲೆ ಅಲ್ಲ.

ಕೊಡಲೇಬೇಕಾದಾಗ ಕೆ.ಜಿ.ಗೆ 2 ಮಿ.ಗ್ರಾಂ., ನಿಧಾನವಾಗಿ ರಕ್ತನಾಳಕ್ಕೆ. 50 ಕೆ.ಜಿ. ನಾಯಿಗೆ 2 ಪರ್ಸೆಂಟ್ ಬಾಟಲಿಯಿಂದ 5 ಮಿ.ಲೀ. ಬೇಕಾದರೆ ಮತ್ತೆ ಕೊಡಬಹುದು, ಎಲ್ಲ ಸೇರಿ ಕೆ.ಜಿ.ಗೆ 8 ಮಿ.ಗ್ರಾಂ. ದಾಟಬಾರದು. ಬಾಟಲಿಯ ಮೇಲೆ ಅಡ್ರಿನಲಿನ್ ಸೇರಿದೆ ಅಂತ ಇದ್ದರೆ ಅದನ್ನು ಮುಟ್ಟಬೇಡಿ. ಹೊಲಿಗೆಗೆ ಇಟ್ಟ ಬಾಟಲಿ ಅವಸರದಲ್ಲಿ ಕೈಗೆ ಬರುವುದುಂಟು. ಲಿಡೋಕೇನ್ ಕೊಟ್ಟರೂ ಜಗ್ಗದಿದ್ದರೆ ಪೊಟ್ಯಾಶಿಯಂ ನೋಡಿ, ಅದು ಕಮ್ಮಿ ಇದ್ದಾಗ ಲಿಡೋಕೇನ್ ಕೆಲಸ ಮಾಡುವುದಿಲ್ಲ.

ಭೀಮನಿಗೆ ಆಮೇಲೆ ಏನಾಯಿತು?

ಎಕೋದಲ್ಲಿ ಹೃದಯ ಹಿಗ್ಗಿ ಬಲ ಕಳೆದುಕೊಂಡಿತ್ತು. ಡೈಲೇಟೆಡ್ ಕಾರ್ಡಿಯೋಮಯೋಪತಿ, ಗ್ರೇಟ್ ಡೇನ್‌ಗಳಲ್ಲಿ ಎಎಫ್ ಬರುವ ಮಾಮೂಲಿ ಕಾರಣ. ನೀರು ಇಳಿಸಲು ಫ್ಯೂರೋಸೆಮೈಡ್, ಹೃದಯಕ್ಕೆ ಪಿಮೋಬೆಂಡಾನ್ ಶುರು ಮಾಡಿದೆ. ವೇಗ ಇಳಿಸಲು ಡಿಲ್ಟಿಯಾಜೆಮ್ ಮತ್ತು ಡಿಗಾಕ್ಸಿನ್. ಡಿಗಾಕ್ಸಿನ್ ಲೆಕ್ಕ ಹಾಕುವಾಗ ಹೊಟ್ಟೆಯ ನೀರಿನ ತೂಕ ಕಳೆಯಬೇಕು, ಔಷಧಿ ಆ ನೀರಿಗೆ ಅಷ್ಟಾಗಿ ಸೇರುವುದಿಲ್ಲ. 46 ಕೆ.ಜಿ. ಅಂತ ಹಿಡಿದು 0.25 ಮಿ.ಗ್ರಾಂ. ಮಾತ್ರೆಯಲ್ಲಿ ಮುಕ್ಕಾಲು, ದಿನಕ್ಕೆರಡು ಸಲ.

ಎಂಟನೇ ದಿನ ಫೋನ್ ಬಂತು. ವಾಂತಿ, ಊಟ ಬಿಟ್ಟಿದ್ದಾನೆ. ಪಟ್ಟಿ ತೆಗೆದರೆ ನಿಮಿಷಕ್ಕೆ 110. ಮೊದಲ ನೋಟಕ್ಕೆ ಖುಷಿಯಾಗುವ ಅಂಕಿ. ಆದರೆ ಒಂದು ತೆಳು, ಒಂದು ಅಗಲ, ಒಂದು ತೆಳು, ಒಂದು ಅಗಲ. ಎಎಫ್ ಇರುವ ನಾಯಿಯ ಪಟ್ಟಿಯಲ್ಲಿ ಇದ್ದಕ್ಕಿದ್ದಂತೆ ಇಷ್ಟು ಚಂದದ ಶಿಸ್ತು ಕಂಡರೆ ಡಿಗಾಕ್ಸಿನ್ ಜಾಸ್ತಿಯಾಗಿದೆಯಾ ಅಂತ ಕೇಳಿಕೊಳ್ಳಬೇಕು. ಕ್ರಿಯಾಟಿನಿನ್ 1.2 ಇದ್ದದ್ದು 2.4 ಆಗಿತ್ತು. ಪೊಟ್ಯಾಶಿಯಂ 3.1ಕ್ಕೆ ಇಳಿದಿತ್ತು. ಫ್ಯೂರೋಸೆಮೈಡ್ ನೀರು ಬಸಿದಿದೆ, ಕಿಡ್ನಿ ಸೋತಿದೆ, ಕಿಡ್ನಿಯಿಂದಲೇ ಹೊರಹೋಗಬೇಕಾದ ಡಿಗಾಕ್ಸಿನ್ ಒಳಗೇ ಉಳಿದಿದೆ, ಪೊಟ್ಯಾಶಿಯಂ ಕಮ್ಮಿಯಾಗಿ ಅದರ ವಿಷ ಇನ್ನೂ ಏರಿದೆ. ನಾಲ್ಕನೇ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ದೂರದಿಂದ ಬರುತ್ತಾರೆ, ವಾರಕ್ಕೆ ಬರಲಿ ಅಂತ ಬಿಟ್ಟದ್ದು ನನ್ನ ತಪ್ಪು.

ಮಾತ್ರೆ ನುಂಗಿ 7 ಗಂಟೆ ಆಗಿತ್ತು. ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದೆವು, ಡಿಗಾಕ್ಸಿನ್ ಮಟ್ಟ ಅಳೆಯಲು 6ರಿಂದ 8 ಗಂಟೆಯ ಹೊತ್ತೇ ಸರಿ. ಉತ್ತರ ಮಿ.ಲೀ.ಗೆ 2.6 ನ್ಯಾನೋಗ್ರಾಂ. ಇರಬೇಕಾದದ್ದು 1ರ ಆಸುಪಾಸು. ಉತ್ತರ ಬರುವವರೆಗೆ ಕಾಯದೆ ಮಾತ್ರೆ ನಿಲ್ಲಿಸಿದ್ದೆವು, ಫ್ಯೂರೋಸೆಮೈಡ್ ಇಳಿಸಿ ಪೊಟ್ಯಾಶಿಯಂ ಕೊಟ್ಟಿದ್ದೆವು. ಮೂರನೇ ದಿನ ಊಟ ಶುರು ಮಾಡಿದ. ಪಟ್ಟಿ ಮತ್ತೆ ತಾಳ ತಪ್ಪಿತು. ಅದನ್ನು ನೋಡಿ ನಾವು ನಿಟ್ಟುಸಿರು ಬಿಟ್ಟೆವು ಅಂದರೆ ಹೊರಗಿನವರಿಗೆ ನಗು ಬರಬಹುದು. ಕಿಡ್ನಿ ಹತೋಟಿಗೆ ಬಂದಮೇಲೆ ಡಿಗಾಕ್ಸಿನ್ ಅರ್ಧ ಪ್ರಮಾಣದಲ್ಲಿ ಮತ್ತೆ ಶುರು, ಡಿಲ್ಟಿಯಾಜೆಮ್ ಸ್ವಲ್ಪ ಸ್ವಲ್ಪ ಏರಿಕೆ.

ಎಎಫ್ ಹೋಗಿ ಮಾಮೂಲಿ ತಾಳ ವಾಪಸ್ ಬರುತ್ತಾ?

ಹೃದಯ ಹಿಗ್ಗಿದ ನಾಯಿಯಲ್ಲಿ ಆ ಆಸೆ ಇಟ್ಟುಕೊಳ್ಳುವುದಿಲ್ಲ. ನಾವು ಬಡಿತದ ವೇಗ ಇಳಿಸುತ್ತೇವೆ, ತಾಳ ತಪ್ಪಿಯೇ ಇರುತ್ತದೆ.

ವೇಗ ಸಾಕಷ್ಟು ಇಳಿದಿದೆ ಅಂತ ಪಟ್ಟಿಯಿಂದಲೇ ಹೇಳಬಹುದಾ?

ಪೂರ್ತಿ ಹೇಳಲಾಗುವುದಿಲ್ಲ. ತೋಟದಲ್ಲಿ ಆರಾಮಾಗಿದ್ದ ನಾಯಿ ಕಾರಿನಲ್ಲಿ ಬಂದು, ಕಾಯುವ ಜಾಗದಲ್ಲಿ ನಾಲ್ಕು ನಾಯಿಗಳ ಬೊಗಳಾಟ ಕೇಳಿ, ಟೇಬಲ್ ಹತ್ತಿದಾಗ ಬಡಿತ ಏರಿಯೇ ಇರುತ್ತದೆ. ಆ 6 ಸೆಕೆಂಡು ನೋಡಿ ಔಷಧಿ ಏರಿಸುತ್ತಾ ಹೋದರೆ ಮನೆಯಲ್ಲಿ ಅದು ಕುಸಿದು ಕೂರುತ್ತದೆ. ಓಡಾಡುತ್ತಿರುವಾಗಲೂ ಇಸಿಜಿ ಬರೆದುಕೊಳ್ಳುವ 24 ಗಂಟೆಯ ಹೋಲ್ಟರ್ ಕಟ್ಟಿ ಕಳಿಸುವುದು ಒಳ್ಳೆಯದು. ಸರಾಸರಿ 125ರ ಒಳಗೆ ಇಟ್ಟ ನಾಯಿಗಳು ಹೆಚ್ಚು ದಿನ ಬದುಕುತ್ತವೆ ಅನ್ನುವುದು ಅಧ್ಯಯನದಲ್ಲಿ ಕಂಡಿದೆ. ವಿಪಿಸಿಯ ನಿಜವಾದ ಲೆಕ್ಕವೂ ಅದರಲ್ಲೇ ಸಿಗುವುದು. ಡಾಬರ್‌ಮನ್ ಸಾಕಿದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಆ ತಳಿಯಲ್ಲಿ 24 ಗಂಟೆಗೆ 300ಕ್ಕಿಂತ ಜಾಸ್ತಿ ವಿಪಿಸಿ ಬಂದರೆ ಎಕೋ ಚೆನ್ನಾಗಿದ್ದರೂ ಹೃದಯದ ಸ್ನಾಯು ಕೆಡುತ್ತಿದೆ ಅಂತಲೇ ಹಿಡಿಯುತ್ತಾರೆ. ಕ್ಲಿನಿಕ್‌ನ ಎರಡು ನಿಮಿಷದ ಪಟ್ಟಿಯಲ್ಲಿ ಒಂದೂ ಕಾಣದೆ ಇರಬಹುದು.

ಹೋಲ್ಟರ್ ಸಿಗದಿದ್ದರೆ ಮನೆಯವರಿಗೆ ಸ್ಟೆತ್ ಹಿಡಿಯಲು ಕಲಿಸಿ. ಭೀಮನ ಮನೆಯಲ್ಲಿ ಯಜಮಾನರ ಮಗಳು ಕಲಿತಳು.

ವಿಪಿಸಿ ಕಂಡರೆ ಹೃದ್ರೋಗವೇ ಇರಬೇಕಾ?

ಇರಬೇಕಾಗಿಲ್ಲ. ಗುಲ್ಮದ ಗಡ್ಡೆ, ಹೊಟ್ಟೆ ತಿರುಚಿಕೊಂಡದ್ದು, ಬೈಕ್ ಗುದ್ದಿ ಎದೆಗೆ ಪೆಟ್ಟು ಬಿದ್ದದ್ದು, ರಕ್ತಹೀನತೆ, ಎಲ್ಲದರಲ್ಲೂ ಬರುತ್ತದೆ. ಗುದ್ದಿಸಿಕೊಂಡ ನಾಯಿಯಲ್ಲಿ ಮೊದಲ ದಿನ ಪಟ್ಟಿ ಚೆನ್ನಾಗಿದ್ದು, ಮರುದಿನ ಶುರುವಾಗುವುದೂ ಉಂಟು.

ಮನೆಯಲ್ಲಿ ನಾವು ಏನು ಗಮನಿಸಬೇಕು?

ನಿದ್ದೆಯಲ್ಲಿರುವಾಗ ಉಸಿರು ಎಣಿಸಿ. ಎದೆ ಒಮ್ಮೆ ಏರಿ ಇಳಿದರೆ ಒಂದು. ನಿಮಿಷಕ್ಕೆ 30ರ ಒಳಗಿರಬೇಕು. ಎರಡು ರಾತ್ರಿ ಅದಕ್ಕಿಂತ ಜಾಸ್ತಿ ಬಂದರೆ ಫೋನ್ ಮಾಡಿ. ಡಿಗಾಕ್ಸಿನ್ ತೆಗೆದುಕೊಳ್ಳುವ ನಾಯಿ ಊಟ ಬಿಟ್ಟರೆ ಅಥವಾ ವಾಂತಿ ಮಾಡಿದರೆ ಆ ಹೊತ್ತಿನ ಮಾತ್ರೆ ಕೊಡಬೇಡಿ, ಮೊದಲು ಕೇಳಿ. ಮರೆತು ಬಿಟ್ಟ ಮಾತ್ರೆಯನ್ನು ಸೇರಿಸಿ ಎರಡು ಕೊಡುವುದಂತೂ ಬೇಡವೇ ಬೇಡ. ಮಾತ್ರೆ ಯಾರು ಕೊಟ್ಟರು ಅಂತ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಭೀಮನ ಮನೆಯ ಕ್ಯಾಲೆಂಡರ್ ನೋಡಿದ್ದೇನೆ: ಬೆಳಿಗ್ಗೆಗೆ ಒಂದು ಗೀಟು, ರಾತ್ರಿಗೆ ಒಂದು ಗೀಟು, ಪಕ್ಕದಲ್ಲಿ ಸಣ್ಣದಾಗಿ ಉಸಿರಿನ ಲೆಕ್ಕ, 24, 26, 22.